ಮೊದಲು ಕೂಡಿಸಿ, ಆಮೇಲೆ ವಾಲ್ವ್ ತೆಗೆಯಿರಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ವಿಮಾನದ ಇಂಧನ ನಿರ್ವಹಣೆ. ಟ್ಯಾಂಕ್, ಪಂಪ್, ಪೈಪುಗಳ ಚಿತ್ರ ನೀವೆಲ್ಲ ನೋಡಿದ್ದೀರಿ, ಅದನ್ನೇ ಮತ್ತೆ ಗೋಡೆ ಮೇಲೆ ತೋರಿಸಿ ನಿದ್ದೆ ಬರಿಸಲ್ಲ. ಒಂದೇ ಒಂದು ಜಗಳ ತಂದಿದ್ದೇನೆ. ಎಡ ರೆಕ್ಕೆಯಲ್ಲಿ ಕಡಿಮೆ, ಬಲದಲ್ಲಿ ಜಾಸ್ತಿ ಇಂಧನ ಕಂಡ ತಕ್ಷಣ ಕೈ ಕ್ರಾಸ್‌ಫೀಡ್ ಬಟನ್ ಕಡೆ ಹೋಗುತ್ತಲ್ಲ, ನನ್ನ ಜಗಳ ಆ ಕೈಯ ಜೊತೆ.

ಕ್ರಾಸ್‌ಫೀಡ್ ವಾಲ್ವ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಅದನ್ನು ತೆಗೆದರೆ ತುಂಬಿದ ಟ್ಯಾಂಕಿನಿಂದ ಖಾಲಿ ಟ್ಯಾಂಕಿಗೆ ಇಂಧನ ಹರಿದು ಸಮವಾಗುತ್ತದೆ ಅಂತ ಕೆಲವರು ತಿಳಿದಿರುತ್ತಾರೆ. ನಮ್ಮ ಮಾಮೂಲಿ ಎರಡು ಎಂಜಿನ್ ವಿಮಾನಗಳಲ್ಲಿ ಹಾಗಲ್ಲ. ಆ ವಾಲ್ವ್ ಸೇರಿಸುವುದು ಟ್ಯಾಂಕುಗಳನ್ನಲ್ಲ, ಎಂಜಿನ್‌ಗೆ ಹೋಗುವ ಎರಡು ಪೈಪುಗಳನ್ನು. ಅದಕ್ಕೇ ವಾಲ್ವ್ ತೆಗೆದರಷ್ಟೇ ಸಾಲದು. ಇಂಧನ ಕಡಿಮೆ ಇರುವ ಕಡೆಯ ಪಂಪುಗಳನ್ನೂ ಆಫ್ ಮಾಡಬೇಕು. ಆಗ ಜಾಸ್ತಿ ಇರುವ ಟ್ಯಾಂಕೊಂದೇ ಎರಡೂ ಎಂಜಿನ್‌ಗಳಿಗೆ ಉಣಿಸುತ್ತದೆ. ಇನ್ನೊಂದು ಸುಮ್ನೆ ಕೂತಿರುತ್ತದೆ. ಸಮವಾದ ಮೇಲೆ ಪಂಪು ಆನ್, ವಾಲ್ವ್ ಬಂದ್.

ಕೆಲಸ ಇಷ್ಟು ಸುಲಭ. ತೊಂದರೆ ಇರುವುದೇ ಅಲ್ಲಿ. 737ರಲ್ಲಿ ಎರಡು ರೆಕ್ಕೆಗಳ ನಡುವೆ 453 ಕೆಜಿ ವ್ಯತ್ಯಾಸ ಬಂದರೆ ಪರದೆ ಮೇಲೆ IMBAL ಅಂತ ಬರುತ್ತದೆ. ವ್ಯತ್ಯಾಸ ಇದೆ ಅಂತ ಮಾತ್ರ ಅದು ಹೇಳುತ್ತದೆ. ಯಾಕೆ ಬಂತು ಅಂತ ಹೇಳಲ್ಲ. ಜ್ವರ ಬಂದಾಗ ಥರ್ಮಾಮೀಟರ್ ಹೇಳುವ ಹಾಗೆ.

ಯಾಕೆ ಬಂತು ಅಂತ ತಿಳಿಯಲು ದೊಡ್ಡ ವಿದ್ಯೆ ಬೇಡ. ಒಂದು ಕೂಡುವ ಲೆಕ್ಕ ಸಾಕು. ಹೊರಟಾಗ 18,000 ಕೆಜಿ ಇತ್ತು ಅಂತಿಟ್ಟುಕೊಳ್ಳಿ. ಈವರೆಗೆ ಎಡ ಎಂಜಿನ್ 3,100, ಬಲ ಎಂಜಿನ್ 3,050 ಸುಟ್ಟಿವೆ ಅಂತ ಮೀಟರ್ ಹೇಳುತ್ತದೆ. ಒಟ್ಟು 6,150. ಉಳಿದಿರಬೇಕಾದ್ದು 11,850. ಈಗ ಟ್ಯಾಂಕ್ ನೋಡುತ್ತೀರಿ. ಎಡದಲ್ಲಿ 5,600, ಬಲದಲ್ಲಿ 6,250. ಕೂಡಿದರೆ 11,850. ಸರಿ ಹೋಯಿತು. ಇಂಧನ ಎಲ್ಲೂ ಹೋಗಿಲ್ಲ, ಒಂದು ಕಡೆಯಿಂದ ಜಾಸ್ತಿ ಬಳಕೆಯಾಗಿದೆ ಅಷ್ಟೆ. ಯಾವುದೋ ಪಂಪ್ ಸೋತಿರಬಹುದು. ನೆಮ್ಮದಿಯಾಗಿ ಸಮ ಮಾಡಿ.

ಅದೇ ವಿಮಾನ, ಅದೇ ಸುಟ್ಟ ಲೆಕ್ಕ. ಆದರೆ ಎಡದಲ್ಲಿ 4,200, ಬಲದಲ್ಲಿ 6,200. ಒಟ್ಟು 10,400. 1,450 ಕೆಜಿ ಎಲ್ಲಿ? ಗೇಜಿನಲ್ಲಿ ಸಣ್ಣಪುಟ್ಟ ತಪ್ಪು ಇರುತ್ತದೆ, ಆದರೆ ಇಷ್ಟು ಇರಲ್ಲ. ಇದು ಸೋರಿಕೆ. ಈಗ ಕ್ರಾಸ್‌ಫೀಡ್ ತೆಗೆದರೆ ನೀವು ಒಳ್ಳೆಯ ಟ್ಯಾಂಕನ್ನು ತೂತಿನ ಪೈಪಿಗೆ ಜೋಡಿಸಿದ ಹಾಗೆ.

ಇದನ್ನು ಒಬ್ಬ ಟ್ರೈನಿಗೆ ಹೇಳಿದಾಗ ಆತ ಕೇಳಿದ, "ಸರ್, ಸುಟ್ಟ ಲೆಕ್ಕದಲ್ಲಿ ಸೋರಿದ್ದೂ ಸೇರಿರಲ್ವಾ?" ಒಳ್ಳೆಯ ಪ್ರಶ್ನೆ. ಆ ಮೀಟರ್ ಎಂಜಿನ್ ಹತ್ತಿರ ಇರುತ್ತದೆ. ಇಂಧನ ಅದನ್ನು ದಾಟುವ ಮೊದಲೇ ಸೋರಿದರೆ ಲೆಕ್ಕಕ್ಕೆ ಸಿಗುವುದಿಲ್ಲ. ಕೂಡಿಸಿದಾಗ ಕೊರತೆ ಕಾಣುವುದು ಅದಕ್ಕೇ. ದಾಟಿದ ಮೇಲೆ ಸೋರಿದರೆ ಆ ಎಂಜಿನ್ ಅತಿಯಾಗಿ ಕುಡಿಯುತ್ತಿರುವ ಹಾಗೆ ಕಾಣುತ್ತದೆ. ಹಾಗಾಗಿ ಎರಡೂ ಎಂಜಿನ್‌ಗಳ ಫ್ಲೋ ಹೋಲಿಸಿಯೂ ನೋಡಬೇಕು.

ಈಗ ನನ್ನ ಹಳೆ ಕಥೆಗೆ ಬರುತ್ತೇನೆ. ಮುಂದಿನ ಸಾಲಿನವರು ನಗುತ್ತಿದ್ದಾರೆ, ಇವರು ಎಷ್ಟು ಸಲ ಕೇಳಿದ್ದಾರೋ. 2001ರ ಆಗಸ್ಟ್ 24, ಏರ್ ಟ್ರಾನ್ಸಾಟ್ 236. ಏರ್‌ಬಸ್ ಎ330, ಟೊರೊಂಟೊದಿಂದ ಲಿಸ್ಬನ್‌ಗೆ, 306 ಜನ. ಕ್ಯಾಪ್ಟನ್ ರಾಬರ್ಟ್ ಪಿಶೆ. ಬಲ ಎಂಜಿನ್ ಬದಲಿಸಿದಾಗ ಒಂದಕ್ಕೊಂದು ಹೊಂದದ ಭಾಗಗಳು ಸೇರಿಹೋಗಿದ್ದವು. ಹೈಡ್ರಾಲಿಕ್ ಪೈಪು ಉಜ್ಜಿ ಉಜ್ಜಿ ಇಂಧನದ ಪೈಪು ಬಿರಿಯಿತು. ಕೆಳಗೆ ಅಟ್ಲಾಂಟಿಕ್, ಹೊರಗೆ ಕತ್ತಲು.

ಮೊದಲ ಸುಳಿವು ಇಂಧನದ ಕಡೆಯಿಂದ ಬರಲೇ ಇಲ್ಲ. 05:03ರ ಹೊತ್ತಿಗೆ ಬಲ ಎಂಜಿನ್ ಆಯಿಲ್ ತಣ್ಣಗಿತ್ತು, ಅದರ ಒತ್ತಡ ಏರಿತ್ತು. ಏನಪ್ಪಾ ಸಂಬಂಧ? ಆಯಿಲ್ ಬಿಸಿ ಕಳೆದುಕೊಳ್ಳುವುದು ಇಂಧನಕ್ಕೆ. ಸೋರಿಕೆಯಿಂದಾಗಿ ಆ ಹೀಟ್ ಎಕ್ಸ್‌ಚೇಂಜರ್ ಮೂಲಕ ತಣ್ಣನೆ ಇಂಧನ ಭರ್ರನೆ ಹರಿಯುತ್ತಿತ್ತು. ಆಯಿಲ್ ತಣ್ಣಗಾಯಿತು. ಹೀಗೂ ಆಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೇಜೇ ಸುಳ್ಳು ಹೇಳುತ್ತಿದೆ ಅಂದುಕೊಂಡರು. ನಾನೂ ಅಂದುಕೊಳ್ಳುತ್ತಿದ್ದೆ, ಪ್ರಾಮಾಣಿಕವಾಗಿ ಹೇಳುತ್ತೇನೆ.

ಎರಡನೆಯ ಚೇಷ್ಟೆ ವಿಮಾನದ್ದೇ. ಎ330ರ ಬಾಲದಲ್ಲೂ ಒಂದು ಟ್ಯಾಂಕ್ ಇದೆ. ಅಲ್ಲಿಂದ ಇಂಧನ ತಾನಾಗೇ ಮುಂದೆ ಬಂದು ಬಲ ರೆಕ್ಕೆಯ ಕೊರತೆ ತುಂಬುತ್ತಿತ್ತು. ಹಾಗಾಗಿ ಎಚ್ಚರಿಕೆ ಸುಮಾರು ಕಾಲು ಗಂಟೆ ತಡವಾಯಿತು. 05:33ಕ್ಕೆ ಪರದೆ ಮೇಲೆ ಅಸಮತೋಲನ ಕಾಣಿಸಿತು. 05:36ಕ್ಕೆ ಚೆಕ್‌ಲಿಸ್ಟ್ ತೆಗೆಯದೆ, ನೆನಪಿನಿಂದಲೇ ಕ್ರಾಸ್‌ಫೀಡ್ ತೆಗೆದು ಬಲಗಡೆಯ ಪಂಪುಗಳನ್ನು ಆಫ್ ಮಾಡಿದರು. ಪುಸ್ತಕದ ಪ್ರಕಾರ ಸಮ ಮಾಡುವ ಕ್ರಮ ಅದೇ. ಆದರೆ ಆ ಚೆಕ್‌ಲಿಸ್ಟ್‌ನಲ್ಲಿ ಒಂದು ಎಚ್ಚರಿಕೆ ಇತ್ತು: ಸೋರಿಕೆಯ ಅನುಮಾನ ಇದ್ದರೆ ಇದನ್ನು ಮಾಡಬೇಡಿ. ಪುಸ್ತಕ ತೆರೆದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ನೆನಪಿಗೆ ಕ್ರಮ ಬರುತ್ತದೆ ಸ್ವಾಮಿ, ಎಚ್ಚರಿಕೆ ಬರಲ್ಲ.

ಅಲ್ಲಿಂದಾಚೆ ಎಡ ರೆಕ್ಕೆಯ ಇಂಧನ ಬಲ ಎಂಜಿನ್ನಿನ ಬಿರುಕಿನಿಂದ ಸಮುದ್ರಕ್ಕೆ ಸುರಿಯಿತು. ಕ್ಯಾಬಿನ್ ಸಿಬ್ಬಂದಿ ಕಿಟಕಿಯಿಂದ ನೋಡಿದರು, ಕತ್ತಲಲ್ಲಿ ಏನೂ ಕಾಣಲಿಲ್ಲ. ಕಾಣದ್ದು ಇಲ್ಲ ಅಂತಲ್ಲ, ಆದರೆ ಆ ಹೊತ್ತಿನಲ್ಲಿ ಮನಸ್ಸಿಗೆ ಅದೇ ಸಮಾಧಾನ. 05:45ಕ್ಕೆ ಅಜೋರ್ಸ್ ದ್ವೀಪಗಳ ಲಾಜೆಸ್ ಕಡೆ ತಿರುಗಿಸಿದರು. ಅದೊಂದು ನಿರ್ಧಾರ ಎಲ್ಲರನ್ನೂ ಉಳಿಸಿತು. 06:13ಕ್ಕೆ ಬಲ ಎಂಜಿನ್ ನಿಂತಿತು. 06:26ಕ್ಕೆ ಎಡದ್ದೂ ನಿಂತಿತು. ಆಗ ಎತ್ತರ ಸುಮಾರು 34,500 ಅಡಿ, ಲಾಜೆಸ್‌ಗೆ ಇನ್ನೂ ಸುಮಾರು 120 ಕಿಲೋಮೀಟರ್. 19 ನಿಮಿಷ ತೇಲಿಕೊಂಡು ಬಂದು 06:45ಕ್ಕೆ ಇಳಿಸಿದರು. ವೇಗ ಜಾಸ್ತಿ, ಟೈರುಗಳು ಒಡೆದವು, ಯಾರೂ ಸಾಯಲಿಲ್ಲ. ಆ ಇಳಿಸುವಿಕೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ನೀವು ಕಲಿಯಬೇಕಾದ್ದು 06:26ರಿಂದ ಮುಂದಿನದ್ದಲ್ಲ. 05:33ಕ್ಕೂ 05:36ಕ್ಕೂ ನಡುವಿನ ಮೂರು ನಿಮಿಷ. ಅಲ್ಲಿ ಕೂಡಿಸಿದ್ದರೆ ಕೊರತೆ ಸಣ್ಣದಾಗಿ ಕಾಣುತ್ತಿರಲಿಲ್ಲ, ಹಲವು ಟನ್ ಕಾಣುತ್ತಿತ್ತು.

ಸಂಘಟಕರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತ ಓದಿದೆ, ಎರಡಂತೆ. ಹಾಗಾದರೆ ಗ್ರಾವಿಟಿ ಫೀಡ್ ಬಿಟ್ಟೆ, ಸೆಂಟರ್ ಟ್ಯಾಂಕ್ ಬಿಟ್ಟೆ.

ಲೆಕ್ಕ ತಪ್ಪಿದರೆ ಏನು ಮಾಡಬೇಕು, ಅದನ್ನು ಮಾತ್ರ ಹೇಳಿಬಿಡುತ್ತೇನೆ. ಕ್ರಾಸ್‌ಫೀಡ್ ಬಂದ್ ಇರಲಿ. ಎರಡೂ ಕಡೆಯ ಅಂಕಿ ಸಮಯದ ಜೊತೆ ಬರೆದುಕೊಳ್ಳಿ. ಅರ್ಧ ಗಂಟೆಯೊಳಗೆ ವ್ಯತ್ಯಾಸ ಇನ್ನೂ 230 ಕೆಜಿ ಬೆಳೆದರೆ ಎಂಜಿನ್ ಸೋರಿಕೆ ಅಂತ 737ರ ಲೆಕ್ಕ. ಆ ಎಂಜಿನ್ ನಿಲ್ಲಿಸುತ್ತೀರಿ. ಸೋರಿಕೆ ನಿಂತರೆ ತೂತು ಎಂಜಿನ್ ಕಡೆ ಇತ್ತು. ಆಮೇಲೆ ಆ ರೆಕ್ಕೆಯ ಇಂಧನವನ್ನೂ ಉಳಿದ ಎಂಜಿನ್‌ಗೆ ಕೊಡಬಹುದು, ಆಗ ಕ್ರಾಸ್‌ಫೀಡ್ ನಿಮ್ಮ ಸ್ನೇಹಿತ. ನಿಲ್ಲಿಸಿದ ಮೇಲೂ ಇಳಿಯುತ್ತಿದ್ದರೆ ಟ್ಯಾಂಕೇ ಸೋರುತ್ತಿದೆ, ಎಂಜಿನ್ ನಿಲ್ಲಿಸಿ ಪ್ರಯೋಜನವಿಲ್ಲ. ಎರಡರಲ್ಲೂ ಹತ್ತಿರದ ನಿಲ್ದಾಣಕ್ಕೆ ಹೋಗುವುದೇ.

ಇನ್ನೊಂದು, ಇದು ದಿನನಿತ್ಯದ್ದು. ಸೋರಿಕೆ ಇಲ್ಲ, ಸಮ ಮಾಡಲು ಕ್ರಾಸ್‌ಫೀಡ್ ತೆಗೆದಿದ್ದೀರಿ, ಅಷ್ಟರಲ್ಲಿ ರೇಡಿಯೊ ಕರೆಯಿತು, ಊಟ ಬಂತು. ಮುಕ್ಕಾಲು ಗಂಟೆ ಆದ ಮೇಲೆ ನೋಡಿದರೆ ಅಸಮತೋಲನ ಇನ್ನೊಂದು ಕಡೆಗೆ ತಿರುಗಿದೆ. ನನಗೇ ಆಗಿದೆ, ಸಿಮ್ಯುಲೇಟರ್‌ನಲ್ಲಿ ಅಂತ ಬರೆದುಕೊಳ್ಳಿ. ಅವತ್ತಿನಿಂದ ವಾಲ್ವ್ ತೆಗೆದಾಗಲೆಲ್ಲ ಟೈಮರ್ ಒತ್ತುತ್ತೇನೆ, ಅದು ಕೂಗುವವರೆಗೆ ಊಟದ ತಟ್ಟೆ ಮುಟ್ಟುವುದಿಲ್ಲ.