ಫ್ರೀಜ್ ಆದ ಪಿಂಚಣಿ ಖಾತೆ ಮತ್ತು ರಿಕವರಿ ಆಫೀಸರಿಗೆ ಬರೆಯುವ ಅರ್ಜಿ

ಕೇಳುಗರಿಗೆ ನಮಸ್ಕಾರ.

ತಿಂಗಳ ಮೊದಲ ವಾರ. ನಿವೃತ್ತ ಮೇಷ್ಟ್ರೊಬ್ಬರು ಎ.ಟಿ.ಎಂ.ಗೆ ಹೋಗಿ ಕಾರ್ಡು ಹಾಕುತ್ತಾರೆ, ಹಣ ಬರುವುದಿಲ್ಲ. ಬ್ಯಾಂಕಿಗೆ ಹೋದರೆ ಕೌಂಟರಿನವರು ಕಂಪ್ಯೂಟರ್ ನೋಡಿ, "ಸರ್, ನಿಮ್ಮ ಖಾತೆ ಫ್ರೀಜ್ ಆಗಿದೆ, ಡಿ.ಆರ್.ಟಿ.ಯಿಂದ ಆದೇಶ ಬಂದಿದೆ" ಅನ್ನುತ್ತಾರೆ. ಮೇಷ್ಟ್ರು ಯಾವ ಸಾಲವನ್ನೂ ಮಾಡಿದವರಲ್ಲ. ಎಂಟು ವರ್ಷದ ಹಿಂದೆ ಅಕ್ಕನ ಮಗ ಅಕ್ಕಿ ಗಿರಣಿಗೆ ಸಾಲ ತೆಗೆದಾಗ ಜಾಮೀನು ಹಾಕಿದ್ದರು, ಅಷ್ಟೇ. ಗಿರಣಿ ಮುಚ್ಚಿತು, ಹುಡುಗ ಊರು ಬಿಟ್ಟ. ಬ್ಯಾಂಕಿನವರು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಈ ಡಿ.ಆರ್.ಟಿ.ಗೆ ಹೋಗಿ 38 ಲಕ್ಷ ರೂಪಾಯಿಗೆ ಆದೇಶ ತಂದರು.

ನಾನು ಬಹಳ ವರ್ಷ ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿ ದುಡಿದವನು. ಖಾತೆಯ ತಡೆ ತೆಗೆಯಿರಿ ಅಂತ ರಿಕವರಿ ಆಫೀಸರಿಗೆ, ಅಂದರೆ ಡಿ.ಆರ್.ಟಿ.ಯಲ್ಲಿ ಹಣ ವಸೂಲು ಮಾಡುವ ಅಧಿಕಾರಿಗೆ ಬರೆದ ಅರ್ಜಿಗಳನ್ನು ಮೇಜಿನ ಆ ಕಡೆ ಕೂತು ಓದಿದ್ದೇನೆ. ನ್ಯಾಯವಾದ ಬೇಡಿಕೆ ಇದ್ದೂ, ಬರೆದ ರೀತಿಯಿಂದಾಗಿಯೇ ತಿರಸ್ಕಾರವಾದ ಅರ್ಜಿಗಳು ಅದರಲ್ಲಿ ಎಷ್ಟೋ. ಅದಕ್ಕೇ ಇವತ್ತು ಈ ಒಂದು ಅರ್ಜಿಯ ವಿಷಯವನ್ನಷ್ಟೇ ಮಾತಾಡುತ್ತೇನೆ.

ಮೊದಲು, ಖಾತೆ ತಡೆದವರು ಯಾರು ಅಂತ ಖಚಿತ ಮಾಡಿಕೊಳ್ಳಿ. ಸೈಬರ್ ಪೊಲೀಸರೂ ತಡೆಯಬಹುದು, ತೆರಿಗೆ ಇಲಾಖೆಯವರೂ ತಡೆಯಬಹುದು. ಆ ದಾರಿಗಳು ಬೇರೆ. ಆದ್ದರಿಂದ ಶಾಖೆಯಲ್ಲಿ ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ, ಅವರಿಗೆ ಬಂದ ಜಪ್ತಿ ಆದೇಶದ ಪ್ರತಿಯನ್ನೇ ಕೇಳಿ ಪಡೆಯಿರಿ. ಅದರಲ್ಲಿ ಆರ್.ಸಿ. ನಂಬರ್, ಅಂದರೆ ಇಷ್ಟು ಹಣ ವಸೂಲು ಮಾಡಿ ಅಂತ ನ್ಯಾಯಮಂಡಳಿ ಕೊಡುವ ರಿಕವರಿ ಸರ್ಟಿಫಿಕೇಟಿನ ಸಂಖ್ಯೆ ಇರುತ್ತದೆ. ಯಾವ ನ್ಯಾಯಮಂಡಳಿ ಅನ್ನುವುದೂ ಇರುತ್ತದೆ. ಬೆಂಗಳೂರಿನಲ್ಲೇ ಡಿ.ಆರ್.ಟಿ. ಒಂದು, ಡಿ.ಆರ್.ಟಿ. ಎರಡು ಅಂತ ಎರಡಿವೆ. ಒಂದಕ್ಕೆ ಹೋಗಬೇಕಾದ ಕಾಗದ ಇನ್ನೊಂದಕ್ಕೆ ಹೋದರೆ ವಾರಗಳು ಕಳೆದುಹೋಗುತ್ತವೆ. ಶಾಖೆಯ ಮ್ಯಾನೇಜರರ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ. ಆದೇಶ ಬಂದ ಮೇಲೆ ಬೀಗ ತೆಗೆಯುವ ಅಧಿಕಾರ ಅವರಿಗಿಲ್ಲ.

ಮೇಷ್ಟ್ರಿಗೆ ಡಿಮ್ಯಾಂಡ್ ನೋಟಿಸ್ ಬಂದಿತ್ತೇ? ಬಂದಿತ್ತು. ಹದಿನೈದು ದಿನದೊಳಗೆ ಹಣ ಕಟ್ಟಿ, ಇಲ್ಲವಾದರೆ ವಸೂಲಿ ಕ್ರಮ ಕೈಗೊಳ್ಳುತ್ತೇವೆ ಅಂತ ಬರೆದಿತ್ತು. 38 ಲಕ್ಷ ಎಲ್ಲಿಂದ ತರುವುದು ಅಂತ ಭಯಪಟ್ಟು ಅದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ನೋಟಿಸನ್ನೂ ಅದು ಬಂದ ಲಕೋಟೆಯನ್ನೂ ಎಸೆಯಬಾರದು. ನೋಟಿಸ್ ಕೈಗೆ ಬಂದ ದಿನ ಮತ್ತು ಖಾತೆ ಜಪ್ತಿಯಾದ ದಿನ, ಇವೆರಡರ ನಡುವೆ ಹದಿನೈದು ದಿನ ಕಳೆದಿವೆಯೇ ಅಂತ ಎಣಿಸಬೇಕು. ಆಸ್ತಿಯನ್ನು ಮರೆಮಾಚುತ್ತಾರೆ ಅಂತ ಅಧಿಕಾರಿಗೆ ಅನ್ನಿಸಿದಾಗ ಬಿಟ್ಟರೆ, ಆ ಅವಧಿ ಮುಗಿಯುವ ಮುಂಚೆ ಕೈ ಹಾಕುವಂತಿಲ್ಲ.

ಇನ್ನು ಅರ್ಜಿ. ಮೇಷ್ಟ್ರು ಮೊದಲು ಬರೆದದ್ದು ನಾಲ್ಕು ಪುಟ, ದುಂಡಾದ ಅಕ್ಷರ. ಅಕ್ಕನ ಮಗ ಹೇಗೆ ಮೋಸ ಮಾಡಿದ, ಬ್ಯಾಂಕಿನವರು ಬಡ್ಡಿಯನ್ನು ಹೇಗೆ ಏರಿಸಿದರು, ಗಿರಣಿಯ ಯಂತ್ರಗಳನ್ನು ಹೇಗೆ ಅಗ್ಗಕ್ಕೆ ಮಾರಿದರು, ಎಲ್ಲ ಬರೆದಿದ್ದರು. ಒಂದೊಂದು ಮಾತೂ ನಿಜವೇ ಇರಬಹುದು. ಆದರೆ ಆ ನಾಲ್ಕು ಪುಟದಲ್ಲಿ ರಿಕವರಿ ಆಫೀಸರ್ ಕೈಯಲ್ಲಿ ಆಗುವಂಥ ಕೆಲಸ ಒಂದೂ ಇರಲಿಲ್ಲ.

ಕಾರಣ ಹೇಳುತ್ತೇನೆ. ಡಿ.ಆರ್.ಟಿ.ಗಳು ನಡೆಯುವುದು 1993ರ ಕಾಯಿದೆಯ ಪ್ರಕಾರ. ಅದರ 26ನೇ ಕಲಮು ಒಂದು ಗೆರೆ ಎಳೆದಿದೆ: ಸರ್ಟಿಫಿಕೇಟಿನಲ್ಲಿ ಇರುವ ಮೊತ್ತ ತಪ್ಪು ಅಂತ ರಿಕವರಿ ಆಫೀಸರ್ ಮುಂದೆ ವಾದಿಸುವ ಹಾಗಿಲ್ಲ. ಸಾಲ ಎಷ್ಟು ಅಂತ ತೀರ್ಮಾನಿಸಿದವರು ನ್ಯಾಯಮಂಡಳಿಯ ಪೀಠಾಧಿಕಾರಿ. ಈ ಅಧಿಕಾರಿಯ ಕೆಲಸ ಅದನ್ನು ವಸೂಲು ಮಾಡುವುದು ಮಾತ್ರ. ಸಾಲದ ಬಗ್ಗೆಯೇ ತಕರಾರಿದ್ದರೆ ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಸಮನ್ಸೇ ಮುಟ್ಟದೆ ಏಕಪಕ್ಷೀಯವಾಗಿ ಆದೇಶ ಆಗಿದ್ದರೆ, ಅದನ್ನು ರದ್ದು ಮಾಡಿ ಅಂತ ಡಿ.ಆರ್.ಟಿ. ಪೀಠವನ್ನೇ ಕೇಳಬೇಕು. ಅವಕ್ಕೆ ವಕೀಲರು ಬೇಕು, ತಡ ಮಾಡದೆ ಹೋಗಬೇಕು. ಆ ಸಂಕಟವನ್ನೆಲ್ಲ ಈ ಅರ್ಜಿಗೆ ತುಂಬಿದರೆ ಅಧಿಕಾರಿ ಮೊದಲ ಪುಟದಲ್ಲೇ "ಇದು ನನ್ನ ವ್ಯಾಪ್ತಿಗೆ ಬರುವುದಿಲ್ಲ" ಅಂತ ಬರೆದು ಮುಗಿಸುತ್ತಾರೆ; ಮೂರನೇ ಪುಟದಲ್ಲಿರುವ ಪಿಂಚಣಿಯ ಮಾತು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಆ ಪಿಂಚಣಿಯ ಮಾತೇ ಮುಖ್ಯವಾದದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಯಾವ ಯಾವ ಆಸ್ತಿಯನ್ನು ಜಪ್ತಿ ಮಾಡಬಾರದು ಅಂತ ಪಟ್ಟಿ ಕೊಡುತ್ತದೆ. ಪಿಂಚಣಿದಾರರಿಗೆ ಬರುವ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಆ ಪಟ್ಟಿಯಲ್ಲಿವೆ. ಡಿ.ಆರ್.ಟಿ. ವಸೂಲಿಗೆ ಬಳಸುವುದು 1961ರ ಆದಾಯ ತೆರಿಗೆ ಕಾಯಿದೆಯ ಎರಡನೇ ಅನುಸೂಚಿಯ ನಿಯಮಗಳನ್ನು. ಅದರ 10ನೇ ನಿಯಮವೂ, ಸಿವಿಲ್ ಸಂಹಿತೆ ರಕ್ಷಿಸಿದ ಆಸ್ತಿಯನ್ನು ಇಲ್ಲಿಯೂ ಮುಟ್ಟಬಾರದು ಅನ್ನುತ್ತದೆ. ಯಾವ ಹಣ ಹಾಗೆ ರಕ್ಷಿತವಾದದ್ದು ಅಂತ ತೀರ್ಮಾನಿಸುವವರು ಸ್ವತಃ ರಿಕವರಿ ಆಫೀಸರ್. ಸಾಲದ ಮೊತ್ತವನ್ನು ಒಂದು ರೂಪಾಯಿಯಷ್ಟೂ ಕಡಿಮೆ ಮಾಡಲು ಅವರಿಗೆ ಬರುವುದಿಲ್ಲ, ಆದರೆ ಈ ಖಾತೆಯ ಹಣ ಪಿಂಚಣಿಯದು, ಬಿಡಿ ಅಂತ ಹೇಳಲು ಬರುತ್ತದೆ.

ಬ್ಯಾಂಕಿನ ವಕೀಲರು ಇದಕ್ಕೊಂದು ಉತ್ತರ ಹೇಳುವುದುಂಟು. ಪಿಂಚಣಿ ಖಾತೆಗೆ ಬಿದ್ದ ಮೇಲೆ ಅದು ಪಿಂಚಣಿಯಾಗಿ ಉಳಿಯುವುದಿಲ್ಲ, ಬರೀ ಹಣ ಅಂತ. 2008ರಲ್ಲಿ ಸುಪ್ರೀಂ ಕೋರ್ಟು, ಜಾಮೀನುದಾರರೊಬ್ಬರ ಪ್ರಕರಣದಲ್ಲೇ, ಈ ವಾದವನ್ನು ಒಪ್ಪಲಿಲ್ಲ. ನಿವೃತ್ತಿಯ ಹಣ ಕೈಗೆ ಬಂದು ಠೇವಣಿಯಾದ ಮೇಲೂ ಅದರ ಗುಣ ಬದಲಾಗುವುದಿಲ್ಲ ಅಂದಿತು. ಆ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಬೇಕು.

ಆದರೆ ಕಾನೂನು ನಮ್ಮ ಕಡೆ ಇದ್ದರೆ ಸಾಲದು, ಖಾತೆಯಲ್ಲಿರುವ ಹಣ ಪಿಂಚಣಿಯೇ ಅಂತ ತೋರಿಸಬೇಕು. ಮೇಷ್ಟ್ರ ಪಾಸ್‌ಬುಕ್ಕನ್ನು ಹಿಡಿದು ನಾವು ಲೆಕ್ಕ ಹಾಕಿದೆವು. ವರ್ಷದ ಹಿಂದೆ ಖಾತೆಯಲ್ಲಿದ್ದದ್ದು 22,000 ರೂಪಾಯಿ, ಅದೂ ಪಿಂಚಣಿಯ ಉಳಿಕೆ. ಆಮೇಲೆ ಖಜಾನೆಯಿಂದ ತಿಂಗಳಿಗೆ 31,500ರಂತೆ ಹನ್ನೆರಡು ತಿಂಗಳು, ಒಟ್ಟು 3,78,000 ಬಂದಿತ್ತು. ಮಗ ಒಂದು ಸಲ 40,000 ಹಾಕಿದ್ದ. ಮೇಷ್ಟ್ರು ಖರ್ಚಿಗೆ ತೆಗೆದದ್ದು 2,50,000. ಉಳಿದದ್ದು 1,90,000.

ಆ 40,000ವನ್ನು ಏನು ಮಾಡುವುದು? ಮೇಷ್ಟ್ರಿಗೆ ಅದನ್ನೂ ಪಿಂಚಣಿಯ ಜೊತೆಗೇ ಸೇರಿಸಿ ಕೇಳುವ ಆಸೆ. ನಾನು ಬೇಡ ಅಂದೆ. ಮಗ ಕೊಟ್ಟ ಹಣ ಪಿಂಚಣಿಯಲ್ಲ. ಅದನ್ನು ಮುಚ್ಚಿಟ್ಟರೆ ಬ್ಯಾಂಕಿನವರು ಖಾತೆಯ ಸ್ಟೇಟ್‌ಮೆಂಟ್ ತೆಗೆದು ಒಂದು ನಿಮಿಷದಲ್ಲಿ ಹಿಡಿಯುತ್ತಾರೆ, ಆಮೇಲೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ. ಹಾಗಾಗಿ ಅರ್ಜಿಯಲ್ಲಿ ನಾವೇ ಬರೆದೆವು: ಈ ತಾರೀಖಿನ 40,000 ಪಿಂಚಣಿಯಲ್ಲ, ಅದನ್ನು ಈಗ ಕೇಳುತ್ತಿಲ್ಲ; ಉಳಿದ 1,50,000 ಪಿಂಚಣಿ, ಅದನ್ನು ಬಿಡಬೇಕು.

ಹೀಗೆ ನಾಲ್ಕು ಪುಟ ಹೋಗಿ ಒಂದೂವರೆ ಪುಟವಾಯಿತು. ಮೇಲೆ ಆರ್.ಸಿ. ನಂಬರ್, ಜಪ್ತಿ ಆದೇಶದ ತಾರೀಖು, ಖಾತೆಯ ಸಂಖ್ಯೆ. ಮೊದಲ ವಾಕ್ಯದಲ್ಲೇ, ತಾನು ನಿವೃತ್ತ ಸರ್ಕಾರಿ ಶಿಕ್ಷಕ, ಇದು ಪಿಂಚಣಿ ಬರುವ ಖಾತೆ ಅನ್ನುವ ಮಾತು. ಆಮೇಲೆ ಕಾನೂನಿನ ಎರಡು ಸಾಲು, ಅದರ ಕೆಳಗೆ ಲೆಕ್ಕ. ಕೊನೆಯಲ್ಲಿ ಬೇಡಿಕೆ. 1,50,000 ಬಿಡಬೇಕು ಅನ್ನುವುದರ ಜೊತೆಗೆ, ಇನ್ನು ಮುಂದೆ ಪ್ರತಿ ತಿಂಗಳು ಬರುವ ಪಿಂಚಣಿಯನ್ನು ತಡೆಯಬಾರದು ಅಂತಲೂ ಸ್ಪಷ್ಟವಾಗಿ ಕೇಳಬೇಕು. ಇದನ್ನು ಮರೆಯುವವರು ತುಂಬಾ ಜನ. ಹಳೆಯ ಹಣ ಬಿಡುಗಡೆಯಾಗುತ್ತದೆ, ಮುಂದಿನ ತಿಂಗಳ ಪಿಂಚಣಿ ಮತ್ತೆ ಅದೇ ತಡೆಯಲ್ಲಿ ಸಿಕ್ಕಿಬೀಳುತ್ತದೆ. ವಿಚಾರಣೆ ಮುಗಿಯುವವರೆಗೆ ಔಷಧಿ, ದಿನಸಿಗಾಗಿ ತಿಂಗಳಿಗೆ ಇಂತಿಷ್ಟು ತೆಗೆಯಲು ಅನುಮತಿ ಕೊಡಿ ಅಂತ ಮಧ್ಯಂತರ ಬೇಡಿಕೆಯನ್ನೂ ಸೇರಿಸಿದೆವು.

ಜೊತೆಗೆ ಪಿಂಚಣಿ ಪಾವತಿ ಆದೇಶದ ಪ್ರತಿ, ಬ್ಯಾಂಕಿನ ಸೀಲು ಇರುವ ವರ್ಷದ ಸ್ಟೇಟ್‌ಮೆಂಟ್, ಬರೆದದ್ದೆಲ್ಲ ನಿಜ ಅನ್ನುವ ಅಫಿಡವಿಟ್ಟು. ಸ್ಟೇಟ್‌ಮೆಂಟಿನಲ್ಲಿ ಪಿಂಚಣಿ ಬಿದ್ದ ಹನ್ನೆರಡು ಸಾಲುಗಳಿಗೂ ಪೆನ್ನಿನಿಂದ ಗುರುತು ಹಾಕಿದೆವು. ಅರ್ಜಿಯ ಒಂದು ಪ್ರತಿ ಸಾಲ ಕೊಟ್ಟ ಬ್ಯಾಂಕಿನ ವಕೀಲರಿಗೆ ಮುಟ್ಟಬೇಕು, ಮುಟ್ಟಿದ್ದಕ್ಕೆ ಸಹಿ ಪಡೆಯಬೇಕು. ಅದಿಲ್ಲದಿದ್ದರೆ ಮೊದಲ ದಿನವೇ "ನಮಗೆ ಪ್ರತಿ ಸಿಕ್ಕಿಲ್ಲ" ಅಂತ ಮುಂದಿನ ತಾರೀಖು ಕೇಳುತ್ತಾರೆ. ಇನ್ನೊಂದು, ಡಿ.ಆರ್.ಟಿ.ಯ ನಡಾವಳಿ ನಡೆಯುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ಬರೆದುಕೊಳ್ಳಿ. ಆಮೇಲೆ ತಿಳಿದವರಿಂದ ಇಂಗ್ಲಿಷಿಗೆ ಮಾಡಿಸಿ, ಸಹಿ ಹಾಕುವ ಮುಂಚೆ ಸಾಲು ಸಾಲಾಗಿ ಅರ್ಥ ಕೇಳಿ.

ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದು, ಅದರಲ್ಲಿ ಹೆಂಡತಿಯ ಸ್ವಂತ ಹಣ ಇದ್ದರೆ, ಆಕೆ ಬೇರೆಯದೇ ಅರ್ಜಿ ಕೊಡಬೇಕು. ಜಾಮೀನು ಹಾಕದವರ ಆಸ್ತಿ ಜಪ್ತಿಯಾದರೆ ಅವರ ಆಕ್ಷೇಪಣೆಯನ್ನು ವಿಚಾರಿಸುವ ಕ್ರಮ ಅದೇ ಅನುಸೂಚಿಯ 11ನೇ ನಿಯಮದಲ್ಲಿದೆ.

ಅರ್ಜಿಯನ್ನು ಇಷ್ಟು ಜೋಪಾನವಾಗಿ ಬರೆಯಿರಿ ಅನ್ನುವುದಕ್ಕೆ ದೊಡ್ಡ ಕಾರಣವಿದೆ. ರಿಕವರಿ ಆಫೀಸರ್ ಆದೇಶದ ವಿರುದ್ಧ ಮೂವತ್ತು ದಿನದೊಳಗೆ ಡಿ.ಆರ್.ಟಿ. ಪೀಠಕ್ಕೆ ಮೇಲ್ಮನವಿ ಹಾಕಬಹುದು. ಆದರೆ 2016ರ ತಿದ್ದುಪಡಿಯ ನಂತರ, ಬಾಕಿದಾರರು ಅಂಥ ಮೇಲ್ಮನವಿ ಹಾಕಬೇಕಾದರೆ ಸಾಲದ ಅರ್ಧ ಹಣವನ್ನು ಮೊದಲು ಠೇವಣಿ ಇಡಬೇಕು. ಮೇಷ್ಟ್ರ ಲೆಕ್ಕದಲ್ಲಿ ಅದು 19 ಲಕ್ಷ. ಒಂದೂವರೆ ಲಕ್ಷ ಬಿಡಿಸಿಕೊಳ್ಳಲು 19 ಲಕ್ಷ ಯಾರು ತರುತ್ತಾರೆ? ಹಾಗಾಗಿ ಇಂಥವರ ಪಾಲಿಗೆ ಈ ಮೊದಲ ಅರ್ಜಿಯೇ ಹೆಚ್ಚುಕಡಿಮೆ ಕೊನೆಯ ಅರ್ಜಿ.

ಮೇಷ್ಟ್ರ ಅರ್ಜಿ ಎರಡನೇ ಸಲ ಕೊಟ್ಟ ತಾರೀಖಿಗೆ ವಿಚಾರಣೆಗೆ ಬಂತು. ಬ್ಯಾಂಕಿನ ವಕೀಲರು ಲೆಕ್ಕವನ್ನು ನೋಡಿ, 40,000 ಬಿಟ್ಟು ಉಳಿದದ್ದಕ್ಕೆ ಹೆಚ್ಚು ಮಾತಾಡಲಿಲ್ಲ. ಪಿಂಚಣಿ ಬಿಡಲು ಆದೇಶವಾಯಿತು. ಮೇಷ್ಟ್ರು ಪ್ರಮಾಣೀಕೃತ ಪ್ರತಿಗೆ ಅವತ್ತೇ ಅರ್ಜಿ ಕೊಟ್ಟರು, ಸಿಕ್ಕ ದಿನ ತಾವೇ ಶಾಖೆಗೆ ಒಯ್ದು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡರು. ಖಾತೆಯ ಪೂರ್ತಿ ತಡೆ ತೆಗೆದು 40,000ಕ್ಕೆ ಮಾತ್ರ ಹೋಲ್ಡ್ ಹಾಕಿದ್ದಾರೆಯೇ ಅಂತ ಕೌಂಟರಿನಲ್ಲಿ ಕೇಳಿ ಖಚಿತ ಮಾಡಿಕೊಂಡು, ಅಲ್ಲಿಂದಲೇ ಎ.ಟಿ.ಎಂ.ಗೆ ಹೋದರು.

ನಮಸ್ಕಾರ.