ಚಾವಡಿಯ ಫ್ಯಾನು ಎಷ್ಟು ಕೆಳಗಿರಬೇಕು?

ಕೇಳುಗರಿಗೆ ನಮಸ್ಕಾರ. ಕುಂಬಳೆಯಿಂದ ಬದಿಯಡ್ಕದವರೆಗೆ ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಕೇಳುವ ಮಾತು ಒಂದೇ: "ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ." ಮೋಟರು ಹಾಳಾಗಿದೆ ಎಂದು ಹೊಸ ಫ್ಯಾನು ತರುತ್ತೇವೆ. ಅದೂ ಹಾಗೆಯೇ. ನಮ್ಮ ಮನೆಯ ಚಾವಡಿಯಲ್ಲಿ ನಾನು ಮಾಡಿದ್ದೂ ಇದನ್ನೇ. ತಪ್ಪು ಮೋಟರಿನದಲ್ಲ, ರಾಡಿನದು ಎಂದು ತಿಳಿದದ್ದು ಟೇಪು ಹಿಡಿದು ಅಳೆದ ಮೇಲೆ.

ಪೆಟ್ಟಿಗೆಯೊಳಗೆ ಬರುವ ರಾಡು ಸಾಮಾನ್ಯವಾಗಿ 10ರಿಂದ 12 ಇಂಚು. ನಮ್ಮದು 12 ಇಂಚಿನದು. ರಾಡಿನ ಮೇಲೂ ಕೆಳಗೂ ಇರುವ ಭಾಗಗಳಿಗೆ ಇನ್ನೊಂದು 6 ಇಂಚು ಸೇರಿಸಿದರೆ, ಕೊಕ್ಕೆಯಿಂದ ರೆಕ್ಕೆಗೆ ಒಂದೂವರೆ ಅಡಿ. ರೆಕ್ಕೆ ನೆಲದಿಂದ 8ರಿಂದ 9 ಅಡಿ ಎತ್ತರದಲ್ಲಿದ್ದರೆ ಕೂತವರಿಗೂ ಮಲಗಿದವರಿಗೂ ಗಾಳಿ ಚೆನ್ನಾಗಿ ಸಿಗುತ್ತದೆ. 10 ಅಡಿಯ ಕಾಂಕ್ರೀಟು ಕೋಣೆಯಲ್ಲಿ ಒಂದೂವರೆ ಅಡಿ ಕಳೆದರೆ ಎಂಟೂವರೆ. ಪೆಟ್ಟಿಗೆಯ ರಾಡು ಅಂಥ ಕೋಣೆಗೆ ಹೊಂದುತ್ತದೆ, ನಮ್ಮ ಚಾವಡಿಗಲ್ಲ.

ನಮ್ಮ ಚಾವಡಿಯ ಅಡ್ಡತೊಲೆ ನೆಲದಿಂದ 13 ಅಡಿ ಮೇಲಿದೆ. ಕೊಕ್ಕೆ ಅದರಲ್ಲಿ. ಹಾಗಾಗಿ ರೆಕ್ಕೆ ತಿರುಗುತ್ತಿದ್ದದ್ದು ಹನ್ನೊಂದೂವರೆ ಅಡಿಯಲ್ಲಿ. ಅಷ್ಟು ಮೇಲಿನಿಂದ ಇಳಿಯುವ ಗಾಳಿ ದಾರಿಯಲ್ಲೇ ಸುತ್ತಲಿನ ನಿಂತ ಗಾಳಿಯೊಂದಿಗೆ ಬೆರೆತು, ಹರಡಿ, ಬಲ ಕಳೆದುಕೊಳ್ಳುತ್ತದೆ. ಚಾಪೆಯ ಮೇಲೆ ಮಲಗಿದ ಅಮ್ಮನಿಗೆ ಮುಟ್ಟುವಾಗ ಏನೂ ಉಳಿದಿರುತ್ತಿರಲಿಲ್ಲ.

ಹೊಸ ರಾಡಿನ ಅಳತೆ ಹೇಗೆ? ಫ್ಯಾನಿನ ಒಳಭಾಗಗಳನ್ನು ಅಳೆಯುತ್ತಾ ಕೂರುವುದು ಬೇಡ. ಈಗ ರೆಕ್ಕೆ ಎಷ್ಟು ಎತ್ತರದಲ್ಲಿದೆ, ಎಷ್ಟಕ್ಕೆ ಬರಬೇಕು ಎಂದು ನೋಡಿ. ನಮ್ಮಲ್ಲಿ ಹನ್ನೊಂದೂವರೆಯಿಂದ ಎಂಟೂವರೆಗೆ, ಅಂದರೆ 36 ಇಂಚು ಇಳಿಯಬೇಕಿತ್ತು. ಇದ್ದ ರಾಡು 12. ಎರಡೂ ಕೂಡಿ 48 ಇಂಚು, ನಾಲ್ಕು ಅಡಿಯ ರಾಡು. ಅಷ್ಟೇ ಲೆಕ್ಕ.

ಆದರೆ ರಾಡು ಬದಲಿಸುವ ಮುಂಚೆ ರೆಕ್ಕೆಯ ಅಗಲವನ್ನೂ ನೋಡಬೇಕಾಯಿತು. ಅಂಗಡಿಯಲ್ಲಿ 1200 ಎಂದರೆ ರೆಕ್ಕೆ ತಿರುಗುವ ವೃತ್ತದ ಅಗಲ 1200 ಮಿಲಿಮೀಟರ್, ಅಂದರೆ 48 ಇಂಚು. ಹತ್ತು ಹತ್ತರಿಂದ ಹನ್ನೆರಡು ಹನ್ನೆರಡು ಅಡಿಯ ಕೋಣೆಗೆ ಇದು ಸರಿ. ಸಣ್ಣ ಕೋಣೆಗೆ 900 ಸಾಕು. 1400ರದ್ದು ದೊಡ್ಡ ಕೋಣೆಗೆ. ನಮ್ಮ ಚಾವಡಿ 18 ಅಡಿ ಉದ್ದ, 12 ಅಡಿ ಅಗಲ. ನಡುವೆ 1400ರ ಒಂದು ಫ್ಯಾನು ಹಾಕು ಎಂದರು ಭಾವ. ನನಗೆ ಒಪ್ಪಿಗೆಯಾಗಲಿಲ್ಲ. ಉದ್ದ ಕೋಣೆಯಲ್ಲಿ ನಡುವಿನವರಿಗೆ ಗಾಳಿ, ಎರಡು ತುದಿಯವರಿಗೆ ಸೆಕೆ. ಅದಕ್ಕೆ 1200ರ ಎರಡು ಹಾಕಿಸಿದೆ: ತುದಿಯ ಗೋಡೆಯಿಂದ ನಾಲ್ಕೂವರೆ ಅಡಿಗೆ ಒಂದು, ಅಲ್ಲಿಂದ 9 ಅಡಿಗೆ ಇನ್ನೊಂದು. ಒಬ್ಬರೇ ಇದ್ದಾಗ ಒಂದು ಹಾಕಿದರೆ ಸಾಕಾಗುತ್ತದೆ.

ಉದ್ದ ರಾಡಿನ ವಿಷಯದಲ್ಲಿ ದಯವಿಟ್ಟು ಒಂದು ಎಚ್ಚರಿಕೆ ಇರಲಿ. ಮನೆಯಲ್ಲಿ ಉಳಿದ ನೀರಿನ ಪೈಪನ್ನು ಕತ್ತರಿಸಿ, ತೂತು ಕೊರೆದು ಹಾಕಬೇಡಿ. ಫ್ಯಾನಿಗೆಂದೇ ಮಾಡಿದ ರಾಡನ್ನೇ ತನ್ನಿ. ವಯರನ್ನು ರಾಡಿನೊಳಗೆ ಗಂಟು ಹಾಕಿ ಜೋಡಿಸಬಾರದು, ಮೇಲಿನಿಂದ ಕೆಳಗೆ ಒಂದೇ ಉದ್ದದ ವಯರು ಎಳೆಸಬೇಕು. ರಾಡಿನ ಎರಡೂ ತುದಿಯ ಬೋಲ್ಟಿಗೆ ಒಂದು ಸಣ್ಣ ಸೀಳು ಪಿನ್ನು ಇರುತ್ತದೆ. ಅದರ ಎರಡು ಕಾಲನ್ನೂ ಅಗಲಿಸಿ ಮಡಿಸದಿದ್ದರೆ ತಿರುಗಿ ತಿರುಗಿ ನಟ್ಟು ಸಡಿಲವಾದಾಗ ಹಿಡಿದುಕೊಳ್ಳಲು ಏನೂ ಇಲ್ಲ. ಕಡಲ ಬದಿಯ ಉಪ್ಪುಗಾಳಿಗೆ ಈ ಪಿನ್ನು ಬೇಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ, ಮೇನ್ ಸ್ವಿಚ್ಚು ಆಫ್ ಮಾಡಿ, ಮೇಲಿನ ಬಟ್ಟಲನ್ನು ಇಳಿಸಿ ನೋಡಿಸಿ. ರೆಕ್ಕೆಯ ಸಣ್ಣ ಓಲಾಟವೂ ಉದ್ದ ರಾಡಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಆಗ ಒಂದೊಂದು ರೆಕ್ಕೆಯ ತುದಿಯೂ ಒಂದೇ ಎತ್ತರದಲ್ಲಿದೆಯೇ ಎಂದು ಅಳೆಯಿರಿ. ಹೆಚ್ಚಾಗಿ ಒಂದು ಬಾಗಿರುತ್ತದೆ.

ಇನ್ನು ಅಟ್ಟದ ಕೆಳಗಿನ ಕೋಣೆ. ನಮ್ಮಲ್ಲಿ ಅದರ ಎತ್ತರ 8 ಅಡಿ. ಪೆಟ್ಟಿಗೆಯ ರಾಡು ಹಾಕಿದರೆ ರೆಕ್ಕೆ ಆರೂವರೆ ಅಡಿಗೆ ಬಂತು. ಅಂಗಿ ತೆಗೆಯಲು ಕೈ ಎತ್ತಿದರೆ ಬೆರಳು ಹೋದಂತೆಯೇ. 4 ಇಂಚಿನ ಗಿಡ್ಡ ರಾಡು ಹಾಕಿದರೆ ರೆಕ್ಕೆ ಏಳು ಅಡಿಗೆ ತುಸು ಮೇಲೇರುತ್ತದೆ, ಆದರೆ ಅಟ್ಟದ ಹಲಗೆಗೂ ರೆಕ್ಕೆಗೂ ನಡುವೆ ಉಳಿಯುವುದು 10 ಇಂಚು ಮಾತ್ರ. ಫ್ಯಾನು ಗಾಳಿಯನ್ನು ಮೇಲಿನಿಂದ ಎಳೆದು ಕೆಳಗೆ ದೂಡುತ್ತದೆ. ಎಳೆಯಲು ಕನಿಷ್ಠ ಒಂದು ಅಡಿ ಜಾಗವಾದರೂ ಬೇಕು, ಇಲ್ಲದಿದ್ದರೆ ಸದ್ದು ಹೆಚ್ಚು, ಗಾಳಿ ಕಡಿಮೆ. ಎರಡೂ ಅಳತೆ ಕೂಡಿಬರದ ಇಂಥ ಕೋಣೆಗೆ ತೂಗುವ ಫ್ಯಾನು ಬೇಡವೇ ಬೇಡ. ನಾವು ಅದನ್ನು ಇಳಿಸಿ, ಮಂಚದ ಕಾಲ ಬದಿಯ ಗೋಡೆಗೆ ಒಂದು ಗೋಡೆ ಫ್ಯಾನು ಹಾಕಿಸಿದೆವು. ಇಳಿಸಿದ ಫ್ಯಾನು ಈಗ ಚಾವಡಿಯ ಎರಡನೆಯ ಕೊಕ್ಕೆಯಲ್ಲಿ, ನಾಲ್ಕು ಅಡಿಯ ರಾಡಿನಲ್ಲಿ ತಿರುಗುತ್ತಿದೆ. ನಮಸ್ಕಾರ.