ಬಾಟಲಿಯೊಳಗಿನ ಹಳೇ ಗೋಡೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಹುಡುಗ ಹುಡುಗಿಯರು, ಮನೆಯಲ್ಲೇ ಎಣ್ಣೆ, ಜೇನು, ಉಪ್ಪಿನಕಾಯಿ ಮಾಡಿ ವಾಟ್ಸಾಪಿನಲ್ಲಿ ಫೋಟೊ ಹಾಕಿ ಮಾರುವವರು, ಈಗ ರೇಡಿಯೊ ಹತ್ತಿರ ಇದ್ದರೆ ದಯವಿಟ್ಟು ಸ್ವಲ್ಪ ಕಿವಿಗೊಡಿ. ಗಾಜಿನ ಬಾಟಲಿಯ ಫೋಟೊಗೆ ಹಿನ್ನೆಲೆ ಬದಲಿಸುವುದು ಹೇಗೆ ಅಂತ ಹೇಳುತ್ತೇನೆ.

ಒಂದೇ ಮಾತು ನೆನಪಿಡಿ. ಗಾಜನ್ನು ಕತ್ತರಿಸಬೇಡಿ. ಗಾಜಿನ ನೆರಳನ್ನು ಒಂದು ಕಡೆ, ಹೊಳಪನ್ನು ಒಂದು ಕಡೆ ಎತ್ತಿಕೊಳ್ಳಿ.

ಇದನ್ನು ನನಗೆ ಕಲಿಸಿದ್ದು ಚಳ್ಳಕೆರೆ ಕಡೆಯ ಒಬ್ಬ ಅಜ್ಜಿ. ಆ ಕಡೆ ಶೇಂಗಾ ಎಣ್ಣೆ ಎಷ್ಟು ಹೆಸರುವಾಸಿ ಅಂತ ನಿಮಗೆ ಗೊತ್ತೇ ಇದೆ. ಗಾಣದೆಣ್ಣೆ ಮಾಡುವ ಒಬ್ಬರು ಒಂದು ಲೀಟರಿನ ಗಾಜಿನ ಬಾಟಲಿ ತಂದರು. ಅದರಲ್ಲಿ ಕುತ್ತಿಗೆಯವರೆಗೂ ಎಣ್ಣೆ, ಮೇಲೆ ಎರಡು ಬೆರಳಷ್ಟು ಖಾಲಿ. ಮುಂದೆ ಕಾಗದದ ಲೇಬಲ್ಲು, ತಲೆಗೆ ಕೆಂಪು ಮುಚ್ಚಳ. "ಇದು ಚಿತ್ರದುರ್ಗದ ಕೋಟೆ ಗೋಡೆ ಮುಂದೆ ಇಟ್ಟ ಹಾಗೆ ಕಾಣಬೇಕು, ಆರು ಅಡಿ ಫ್ಲೆಕ್ಸು" ಅಂದರು. ನಾನು ಸ್ಟುಡಿಯೊದ ಬಿಳಿ ಗೋಡೆ ಮುಂದೆ ಬಾಟಲಿ ಇಟ್ಟು ಫೋಟೊ ಹೊಡೆದೆ. ಫೋಟೊಶಾಪಿನಲ್ಲಿ ಪೆನ್ ಟೂಲ್ ಹಿಡಿದು ಸುತ್ತಲೂ ನೀಟಾಗಿ ಕತ್ತರಿಸಿ, ಕೋಟೆ ಫೋಟೊ ಮೇಲೆ ಕೂರಿಸಿದೆ. ಅಂಚು ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಫ್ಲೆಕ್ಸ್ ನೋಡಲು ಅವರ ತಾಯಿಯೂ ಬಂದಿದ್ದರು. ಹತ್ತಿರ ಹೋಗಿ ಬಾಟಲಿಯ ಕುತ್ತಿಗೆ ಮೇಲೆ ಬೆರಳಿಟ್ಟು ಕೇಳಿದರು: "ಏನಪ್ಪಾ, ಹಿಂದೆ ಕೋಟೆ ಕಲ್ಲು ಐತಿ. ಬಾಟ್ಲಿ ಒಳಗ ಬಿಳಿ ಗ್ವಾಡಿ ಕಾಣ್ತೈತಲ್ಲ?"

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಎಣ್ಣೆ ಇಲ್ಲದ ಕುತ್ತಿಗೆಯಲ್ಲಿ ಕಲ್ಲಿನ ಬಣ್ಣ ಕಾಣಬೇಕಿತ್ತು, ಅಲ್ಲಿ ನನ್ನ ಸ್ಟುಡಿಯೊ ಗೋಡೆ ಕೂತಿತ್ತು. ಗಾಜಿನ ಜೊತೆ ಗೋಡೆಯನ್ನೂ ಕತ್ತರಿಸಿ ತಂದಿದ್ದೆ. ಲೇಯರಿನ ಒಪಾಸಿಟಿ ಕಡಿಮೆ ಮಾಡಿ ನೋಡಿದೆ. ಕಲ್ಲು ಕಂಡಿತು, ಆದರೆ ಬಾಟಲಿಯ ಹೊಳಪೂ ಸತ್ತುಹೋಯಿತು. ಸುಮಾರು ಜನ ಇವತ್ತಿಗೂ ಇದನ್ನೇ ಮಾಡುತ್ತಾರೆ. ದಯವಿಟ್ಟು ಬಿಡಿ.

ಗಾಜು ಮಾಡುವುದು ಎರಡು ಕೆಲಸ. ಹಿಂದಿನಿಂದ ಬರುವ ಬೆಳಕನ್ನು ಅಲ್ಲಲ್ಲಿ ತಡೆಯುತ್ತದೆ, ಎಣ್ಣೆ ಇದ್ದ ಕಡೆ ಅದಕ್ಕೆ ಹಳದಿ ಬಣ್ಣ ಕೊಡುತ್ತದೆ. ಇದು ನೆರಳು. ಮುಂದಿನಿಂದ, ಪಕ್ಕದಿಂದ ಬಿದ್ದ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಇದು ಹೊಳಪು. ಎರಡನ್ನೂ ಒಂದೇ ಫೋಟೊದಿಂದ ಬಿಡಿಸಿಕೊಳ್ಳುವುದು ಕಷ್ಟ. ಅದಕ್ಕೇ ಎರಡು ಫೋಟೊ ತೆಗೆಯಿರಿ.

ಅದೇ ಬಾಟಲಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಕಿಟಕಿ, ಕಿಟಕಿಗೆ ಬಟರ್ ಪೇಪರ್. ಕ್ಯಾಮೆರಾ ಟ್ರೈಪಾಡಿನ ಮೇಲೆ. ಹಿಂದೆ ಎರಡು ಅಡಿ ದೂರದಲ್ಲಿ ಬಿಳಿ ಡ್ರಾಯಿಂಗ್ ಶೀಟ್ ನಿಲ್ಲಿಸಿ ಮೊದಲ ಫೋಟೊ ತೆಗೆದೆ. ಆಮೇಲೆ ಶೀಟ್ ತೆಗೆದು, ಅದೇ ಜಾಗದಲ್ಲಿ ಹೊಳಪಿಲ್ಲದ ಕಪ್ಪು ಬಟ್ಟೆ ಇಳಿಬಿಟ್ಟು ಎರಡನೆಯದು. ಬದಲಾಗಿದ್ದು ಹಿನ್ನೆಲೆ ಮಾತ್ರ. ಬಾಟಲಿ, ಕ್ಯಾಮೆರಾ, ಬೆಳಕು ಯಾವುದೂ ಅಲುಗಾಡಬಾರದು. ಮೊಬೈಲಿನಲ್ಲಿ ತೆಗೆಯುವವರು ಪರದೆಯನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಟೈಮರ್ ಇಡಿ. ಬೆರಳು ತಾಗಿ ಒಂದು ಎಳೆ ಸರಿದರೂ ಎರಡು ಫೋಟೊ ಹೊಂದುವುದಿಲ್ಲ.

ಬಿಳಿ ಶೀಟಿನ ಮುಂದೆ ಬಾಟಲಿಯ ಅಂಚು ಮಾಯವಾದ ಹಾಗೆ ಕಂಡರೆ, ಎರಡು ಪಕ್ಕಕ್ಕೂ ಫೋಟೊದಿಂದ ಸ್ವಲ್ಪವೇ ಹೊರಗೆ ಕಪ್ಪು ಕಾಗದದ ಪಟ್ಟಿ ನಿಲ್ಲಿಸಿ. ಗಾಜಿನ ಅಂಚಿಗೆ ಕಾಡಿಗೆ ಹಚ್ಚಿದ ಹಾಗೆ ಗೆರೆ ಬರುತ್ತದೆ. ಎರಡನೇ ಫೋಟೊ ಮುಗಿಯುವವರೆಗೂ ಅವು ಅಲ್ಲೇ ಇರಲಿ.

ಈಗ ಕಂಪ್ಯೂಟರಿಗೆ ಬನ್ನಿ. ಎಲ್ಲಕ್ಕಿಂತ ಕೆಳಗೆ ಕೋಟೆ ಗೋಡೆ. ಅದರ ಮೇಲೆ ಬಿಳಿ ಶೀಟಿನ ಫೋಟೊ, ಲೇಯರಿನ ಮೋಡ್ ಮಲ್ಟಿಪ್ಲೈ. ಇದರಲ್ಲಿ ಬಿಳಿ ಅಷ್ಟೂ ಕರಗಿಹೋಗುತ್ತದೆ, ಕಪ್ಪು ಗೆರೆ ಮತ್ತು ಎಣ್ಣೆಯ ಹಳದಿ ಉಳಿಯುತ್ತದೆ. ಅದರ ಮೇಲೆ ಕಪ್ಪು ಬಟ್ಟೆಯ ಫೋಟೊ, ಮೋಡ್ ಸ್ಕ್ರೀನ್. ಇದರಲ್ಲಿ ಕಪ್ಪು ಕರಗುತ್ತದೆ, ಕಿಟಕಿಯ ಹೊಳಪು ಉಳಿಯುತ್ತದೆ. ಪೆನ್ ಟೂಲಿನಿಂದ ಬಾಟಲಿ ಸುತ್ತ ಒಂದು ದಾರಿ ಎಳೆದು ಎರಡಕ್ಕೂ ಅದೇ ಮಾಸ್ಕ್ ಹಾಕಿ, ಅದು ಬಾಟಲಿಯ ಹೊರಗಿನದನ್ನು ಮರೆಮಾಡಲು ಮಾತ್ರ. ಗಿಂಪ್ ಬಳಸುವವರಿಗೂ ಈ ಎರಡೂ ಮೋಡ್ ಇದೇ ಹೆಸರಿನಲ್ಲಿ ಸಿಗುತ್ತವೆ, ಅದಕ್ಕೆ ದುಡ್ಡೂ ಕೊಡಬೇಕಿಲ್ಲ.

ಲೇಬಲ್ಲು, ಮುಚ್ಚಳ ಬೇರೆ. ಅವುಗಳ ಮೂಲಕ ಏನೂ ಕಾಣುವುದಿಲ್ಲ ಅಲ್ವಾ? ಅವನ್ನು ಧಾರಾಳವಾಗಿ ಕತ್ತರಿಸಿ, ಎಲ್ಲಕ್ಕಿಂತ ಮೇಲೆ ನಾರ್ಮಲ್ ಮೋಡಿನಲ್ಲೇ ಇಡಿ. ಕತ್ತರಿ ಬೇಕಾದ ಜಾಗ ಅದೊಂದೇ. ಗಾಜಿಗೆ ಮಾತ್ರ ಕತ್ತರಿ ಬೇಡ. ನೆರಳು ಒಂದು ಕಡೆ, ಹೊಳಪು ಒಂದು ಕಡೆ.

ತಪ್ಪಾಗಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಕುತ್ತಿಗೆಯಲ್ಲಿ ಕಲ್ಲು ಕೊಳೆಯಾದ ಹಾಗೆ ಕಪ್ಪಾಗಿದ್ದರೆ, ನಿಮ್ಮ ಬಿಳಿ ಶೀಟ್ ಫೋಟೊದಲ್ಲಿ ಬೂದಿ ಬಣ್ಣಕ್ಕೆ ಬಂದಿದೆ. ಲೆವೆಲ್ಸ್ ತೆಗೆದು ಅದನ್ನು ಪೂರ್ತಿ ಬಿಳಿ ಮಾಡಿ. ಬಾಟಲಿ ಪೂರ್ತಿ ಮಂಜು ಕವಿದ ಹಾಗಿದ್ದರೆ, ಕಪ್ಪು ಬಟ್ಟೆ ಮೇಲೆ ಬೆಳಕು ಬಿದ್ದಿದೆ. ಅದನ್ನು ಪೂರ್ತಿ ಕಪ್ಪಿಗೆ ಇಳಿಸಿ. ಕೆಳಗೆ ಕೋಟೆಯ ಬದಲು ಒಂದು ಚೌಕಳಿ ಟವೆಲ್ಲಿನ ಫೋಟೊ ಇಟ್ಟು ನೋಡಿ. ಕುತ್ತಿಗೆಯ ಒಳಗೂ ಚೌಕಳಿ ಹೊರಗಿನ ಬಣ್ಣದಲ್ಲೇ ಕಂಡರೆ ಕೆಲಸ ಸರಿಯಾಗಿದೆ.

ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ.

ತುಂಬಿದ ಬಾಟಲಿ ಹಿಂದಿನದನ್ನು ತಿರುಗಿಸಿ ತೋರಿಸುತ್ತದೆ. ಅಡುಗೆಮನೆಯಿಂದ ಉರುಟಾದ ಗಾಜಿನ ಬಾಟಲಿ ತಂದು ನೀರು ತುಂಬಿ. ಹಿಂದೆ ಒಂದು ಅಡಿ ದೂರದಲ್ಲಿ ಪೆನ್ನನ್ನು ಎಡಕ್ಕೆ ತುದಿ ಮಾಡಿ ಹಿಡಿಯಿರಿ. ಬಾಟಲಿಯೊಳಗೆ ತುದಿ ಬಲಕ್ಕೆ ಕಾಣುತ್ತದೆ. ಮೇಲೆ ಕೆಳಗೆ ಮಾತ್ರ ತಿರುಗುವುದಿಲ್ಲ. ಎಣ್ಣೆಯೂ ಹೀಗೇ ಮಾಡುತ್ತದೆ. ಆದ್ದರಿಂದ ಕೋಟೆ ಫೋಟೊದ ಒಂದು ತುಂಡು ತೆಗೆದು, ಎಡಬಲ ತಿರುಗಿಸಿ, ಅಗಲ ಕುಗ್ಗಿಸಿ, ಸ್ವಲ್ಪ ಬ್ಲರ್ ಮಾಡಿ, ಮಲ್ಟಿಪ್ಲೈ ಲೇಯರಿನ ಕೆಳಗೆ ಎಣ್ಣೆ ಇರುವಷ್ಟು ಜಾಗಕ್ಕೆ ಕೂರಿಸಿ. ಖಾಲಿ ಕುತ್ತಿಗೆಗೆ ಇದು ಬೇಡ. ಅಲ್ಲಿ ತೆಳು ಗಾಜು ಮಾತ್ರ ಇರುವುದರಿಂದ ಕಲ್ಲು ಇದ್ದ ಹಾಗೇ ಕಾಣುತ್ತದೆ.

ಇನ್ನು ಬಾಟಲಿಯ ಬುಡದ ನೆರಳು. ಅದನ್ನು ಪೂರ್ತಿ ಕಪ್ಪಗೆ ಬಳಿಯಬೇಡಿ. ಎಣ್ಣೆ ಬಾಟಲಿಯನ್ನು ಬಿಸಿಲಲ್ಲಿಟ್ಟು ನೋಡಿ, ನೆರಳಿನ ನಡುವೆ ಹೊಂಬಣ್ಣದ ಒಂದು ಬೆಳಕಿನ ಪಟ್ಟೆ ಇರುತ್ತದೆ. ಎರಡನೇ ಫ್ಲೆಕ್ಸಿನಲ್ಲಿ ಅದನ್ನೂ ಹಾಕಿದ್ದೆ. ಅಜ್ಜಿ ಮತ್ತೆ ಹತ್ತಿರ ಹೋದರು. ಈ ಸಲ ಬೆರಳಿಟ್ಟು ತೋರಿಸಲಿಲ್ಲ. ಮಗನ ಕಡೆ ತಿರುಗಿ, "ಇದನ್ನ ಯಾವಾಗ ಹೋಗಿ ಕೋಟೆ ಮುಂದ ಇಟ್ಟು ಬಂದ್ರಿ?" ಅಂತ ಕೇಳಿದರು.

ನಮಸ್ಕಾರ.